ಜೂನ್ ಒಂದರ ತಾರೀಖು: ಒಂದು ತಿದ್ದುಪಡಿ ಅರ್ಜಿಯ ಸಾಲುಸಾಲು ವ್ಯಾಖ್ಯಾನ

ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಯಾವುದೇ ಶಾಲೆಯ ದಾಖಲಾತಿ ವಹಿ ತೆರೆದರೂ ಜೂನ್ 1ರಂದು ಹುಟ್ಟಿದ ಮಕ್ಕಳು ಸಾಲಾಗಿ ಸಿಗುತ್ತಾರೆ. ‘ಮಾಸ್ತರು ಬರಕೊಂಡಾರ್ರಿ’ ಎಂಬುದು ಮನೆಯವರ ಉತ್ತರ. ಆ ತಾರೀಖನ್ನು ತಿದ್ದಿಸಲು ಹೊರಟ ಹುಡುಗಿಯೊಬ್ಬಳ ಅರ್ಜಿಯ ಮಾದರಿ ಇಲ್ಲಿದೆ. ಹುಡುಗಿ, ತಾರೀಖುಗಳು ಕಲ್ಪಿತ. ತೊಡಕುಗಳು ಮಾತ್ರ ದಿನವೂ ಕಾಣುವಂಥವು.

“ನಾನು ವಾಡಿಯ ಪ್ರೌಢಶಾಲೆಯಲ್ಲಿ ಓದಿ 2022ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ.”

ಅರ್ಜಿ ಇಲ್ಲೇ ಅರ್ಧ ದಾರಿ ತಪ್ಪಿದೆ. ವಾಡಿಯ ಹೆಡ್‌ಮಾಸ್ತರರು ಈ ತಾರೀಖನ್ನು ತಾವಾಗಿ ಬರೆದದ್ದಲ್ಲ, ಹಿಂದಿನ ಶಾಲೆಯ ಟಿ.ಸಿ. ನೋಡಿ ಇಳಿಸಿಕೊಂಡದ್ದು. ಹುಡುಗಿ 2012ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ್ದು ಚಿಂಚೋಳಿ ತಾಲೂಕಿನ ತಾಂಡಾದ ಶಾಲೆಗೆ. ಅಪ್ಪನಿಗೆ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸ ಸಿಕ್ಕ ಮೇಲೆ ಮನೆ ಈಚೆಗೆ ಬಂತು. ಹಾಗಾಗಿ ಮೂಲ ಇರುವುದು ತಾಂಡಾ ಶಾಲೆಯ ವಹಿಯಲ್ಲಿ. ಅರ್ಜಿ ಬರೆಯುವ ಮೊದಲೇ ಅಲ್ಲಿಗೆ ಹೋಗಿ, ಪ್ರವೇಶ ಸಂಖ್ಯೆ ಹುಡುಕಿಸಿ, ಆ ಪುಟದ ದೃಢೀಕೃತ ನಕಲು ಪಡೆಯಬೇಕು.

ಆ ಪುಟದಲ್ಲಿ ಹುಡುಗಿ ಹೇಳುವ 12-11-2006 ಎಂದೇ ಇದ್ದು, ಟಿ.ಸಿ. ಬರೆಯುವಾಗ ಕೈತಪ್ಪಿದ್ದರೆ ಅದು ನಕಲಿನ ದೋಷ. ಮೂಲ ವಹಿಯನ್ನು ಮುಂದಿಟ್ಟು ಟಿ.ಸಿ.ಯನ್ನೂ, ಅದರ ಮೇಲೆ ನಿಂತ ಮುಂದಿನ ದಾಖಲೆಗಳನ್ನೂ ಸರಿಪಡಿಸಿ ಎಂದು ಕೇಳಬಹುದು. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೂ ಇದೇ ದಾರಿ. ವಹಿಯೇ 01-06-2006 ಅಂದರೆ ಮಾತು ಬೇರೆ.

“ನನ್ನ ನಿಜವಾದ ಜನ್ಮ ದಿನಾಂಕ 12-11-2006 ಇದ್ದು, 01-06-2006 ಎಂದು ತಪ್ಪಾಗಿ ನಮೂದಾಗಿದೆ.”

ವಹಿಯೇ ತಪ್ಪು ಎನ್ನುವ ಹಕ್ಕೊತ್ತಾಯ ಇದು. ಬರೆದ ಮಾಸ್ತರರ ದೃಷ್ಟಿಯಿಂದ ನೋಡಿ: ಶಾಲೆ ಸುರುವಾಗುವುದು ಜೂನ್‌ನಲ್ಲಿ, ಮಗುವಿಗೆ ಆರರ ಆಸುಪಾಸು ವಯಸ್ಸಾಗಿರಬೇಕು, ತಂದೆ ತಾಯಿ ಕೈಯಲ್ಲಿ ಕಾಗದವಿಲ್ಲ. 2012ರಿಂದ ಆರು ಕಳೆದು, ಜೂನ್ 1 ಹಾಕಿದರೆ ಲೆಕ್ಕ ಕೂಡುತ್ತದೆ.

ಎದುರಾಳಿ ಮಾಡುವ ಮೊದಲ ಲೆಕ್ಕವೂ ಇದೇ. ಹುಡುಗಿ ಹೇಳುವ ತಾರೀಖಿನಂತೆ ಒಂದನೇ ತರಗತಿಗೆ ಬಂದಾಗ ಅವಳಿಗೆ ಐದು ವರ್ಷ ಏಳು ತಿಂಗಳ ಆಸುಪಾಸು, ನಂಬುವಂಥದ್ದೇ. ಅವಳು 2007ರ ನವೆಂಬರ್ ಎಂದಿದ್ದರೆ ನಾಲ್ಕೂವರೆ ವರ್ಷಕ್ಕೆ ಶಾಲೆ ಸೇರಿದಂತಾಗಿ, ‘ಅಷ್ಟು ಸಣ್ಣ ಕೂಸನ್ನು ಹ್ಯಾಂಗ ಸೇರಿಸಿಕೊಂಡ್ರು?’ ಎಂಬ ಪ್ರಶ್ನೆ ಬರುತ್ತಿತ್ತು.

ಎರಡನೆಯ ಲೆಕ್ಕ ಒಡಹುಟ್ಟಿದವರದು. ಇದನ್ನು ಅರ್ಜಿದಾರರು ಮರೆತೇಬಿಡುತ್ತಾರೆ. ಇವಳ ಅಕ್ಕನ ಜನನ 20-11-2005 ಎಂದು ಆಗಲೇ ನೋಂದಣಿಯಾಗಿದೆ ಅನ್ನಿ. ಜೂನ್ 1 ನಿಜವಾದರೆ ಅಕ್ಕ ಹುಟ್ಟಿ ಆರು ತಿಂಗಳು ಹನ್ನೆರಡು ದಿನಕ್ಕೆ ತಂಗಿ ಹುಟ್ಟಿರಬೇಕು. ಹತ್ತು ಸಾಕ್ಷಿಗಳನ್ನು ಕರೆಸುವುದಕ್ಕಿಂತ ಈ ಒಂದು ಕಾಗದಕ್ಕೆ ತೂಕ ಹೆಚ್ಚು.

“ಇದಕ್ಕೆ ಆಧಾರವಾಗಿ ಜನನ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ.”

ಅದರಲ್ಲಿ ಹುಟ್ಟಿದ ತಾರೀಖಿಗಿಂತ ಮೊದಲು ನೋಡಬೇಕಾದದ್ದು ನೋಂದಣಿಯ ತಾರೀಖು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿನ ಸುದ್ದಿ 21 ದಿನದೊಳಗೆ ಮುಟ್ಟಬೇಕು. 2006ರ ನವೆಂಬರ್‌ನಲ್ಲೇ ನೋಂದಣಿಯಾಗಿದ್ದರೆ, ಈ ತಕರಾರು ಹುಟ್ಟುವ ಮೊದಲೇ ಸರ್ಕಾರಿ ಪುಸ್ತಕದಲ್ಲಿ ಬಿದ್ದ ಸಾಲು ಅದು, ಗಟ್ಟಿ ಪುರಾವೆ. ವರ್ಷ ದಾಟಿದ ಜನನಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಕಂದಾಯದ ಕಡೆಯ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಹಾಗೆ ಮೊನ್ನೆ ಮೊನ್ನೆ ಮಾಡಿಸಿದ ಪ್ರಮಾಣಪತ್ರ ಸುಳ್ಳಲ್ಲ. ಆದರೆ ‘ಇದನ್ನು ಟಿ.ಸಿ. ತಿದ್ದಿಸಲೆಂದೇ ಮಾಡಿಸಿದ್ದೀರಿ’ ಎಂದರೆ ಅದೊಂದೇ ನಿಲ್ಲುವುದು ಕಷ್ಟ.

‘ನಮ್ಮೂರಾಗ ಹುಡುಕೀವ್ರಿ, ಹೆಸರೇ ಇಲ್ಲ’ ಎಂದು ಬರುವವರೂ ಇದ್ದಾರೆ. ಜನನ ದಾಖಲಾಗುವುದು ಮಗು ಹುಟ್ಟಿದ ಊರಲ್ಲಿ, ಮನೆ ಇರುವ ಊರಲ್ಲಲ್ಲ. ನಮ್ಮಲ್ಲಿ ಬಾಣಂತನ ತವರಿನದು. ಈ ಹುಡುಗಿಯ ತಾಯಿಯ ತವರು ಸೇಡಂ ತಾಲೂಕು. ಹೆರಿಗೆ ಸೇಡಂ ಆಸ್ಪತ್ರೆಯಲ್ಲಾಗಿದ್ದರೆ ಹುಡುಕಬೇಕಾದ್ದು ಸೇಡಂ ಪಟ್ಟಣದ ವಹಿಯನ್ನು. ಹಳ್ಳಿಯ ಮನೆಯಲ್ಲಾಗಿದ್ದರೆ ಅಲ್ಲಿನ ಗ್ರಾಮ ಲೆಕ್ಕಾಧಿಕಾರಿಯ ಪುಸ್ತಕ. ಗಡಿ ದಾಟಿ ತಾಂಡೂರಿನಲ್ಲಿ ಹೆರಿಗೆಯಾದವರು ತೆಲಂಗಾಣಕ್ಕೇ ಹೋಗಬೇಕು. ಹಳೆಯ ನೋಂದಣಿಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೂ ಉಂಟು. ತಾಯಿಯ ಹೆಸರು, ತಾರೀಖು ಹಿಡಿದು ಹುಡುಕಿದರೆ ಸಿಗುತ್ತದೆ. ಹೆಸರನ್ನು ಆಮೇಲೆ ಸೇರಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ.

“ಆಧಾರ್ ಕಾರ್ಡ್ ಮತ್ತು ನೋಟರಿ ಅಫಿಡವಿಟ್ ಕೂಡ ಲಗತ್ತಿಸಿದೆ.”

ಲಗತ್ತಿಸಲಿ, ಅಡ್ಡಿಯಿಲ್ಲ. ಇವುಗಳಿಂದ ಆಗುವುದೂ ಅಷ್ಟಕ್ಕಷ್ಟೆ. ಆಧಾರ್ ಜನ್ಮ ದಿನಾಂಕದ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಹಿಡಿಯಿತು. ಅಫಿಡವಿಟ್ ಅಂದರೆ ಅರ್ಜಿದಾರಳ ಮಾತೇ, ಛಾಪಾ ಕಾಗದದ ಮೇಲೆ. ಅದರ ಬದಲು ಅಂಗನವಾಡಿಯ ಲಸಿಕೆ ಪುಸ್ತಕ, ತಾಯಿ ಕಾರ್ಡು, ಆಸ್ಪತ್ರೆಯ ಹೆರಿಗೆ ವಹಿಯ ನಕಲು ಹುಡುಕಲಿ. ಜಗಳ ಇನ್ನೂ ಇಲ್ಲದಿದ್ದಾಗ ಯಾರೋ ಮೂರನೆಯವರು ಬರೆದ ಕಾಗದಗಳು ಅವು.

“ಆದ್ದರಿಂದ ಮಾನ್ಯರು ನನ್ನ ಟಿ.ಸಿ.ಯಲ್ಲಿ ಜನ್ಮ ದಿನಾಂಕ ತಿದ್ದುಪಡಿ ಮಾಡಿಕೊಡಬೇಕಾಗಿ ವಿನಂತಿ.”

ಯಾವ ಮಾನ್ಯರು? ಮಗು ಇನ್ನೂ ಶಾಲೆಯಲ್ಲಿದ್ದರೆ ಹೆಡ್‌ಮಾಸ್ತರರ ಮೂಲಕ ಬಿ.ಇ.ಓ. ಆಫೀಸಿಗೆ ಪ್ರಸ್ತಾವ ಕಳಿಸುವ ಹಾದಿ ಹಿಡಿಯಬಹುದು. ಹೆಡ್‌ಮಾಸ್ತರರು ತಾವೇ ವಹಿಯಲ್ಲಿ ಗೀಚಿ ತಿದ್ದಬಾರದು. ಹಾಗೆ ತಿದ್ದಿದ ಪುಟವೇ ಮುಂದೆ ಮಗುವಿಗೆ ಮುಳುವಾಗುತ್ತದೆ. ಇವಳದು ಎಸ್ಸೆಸ್ಸೆಲ್ಸಿ ಮುಗಿದ ಪ್ರಕರಣ. ಅಂಕಪಟ್ಟಿಯೂ ಅದೇ ತಾರೀಖು ಹೊತ್ತಿರುವುದರಿಂದ ಶಾಲೆಯಾಗಲಿ, ಕಲಬುರಗಿಯಲ್ಲಿರುವ ಮಂಡಳಿಯ ವಿಭಾಗೀಯ ಕಚೇರಿಯಾಗಲಿ ಕೇಳುವುದು ಕೋರ್ಟಿನ ಡಿಕ್ರಿಯನ್ನು.

ಅಂದರೆ ಸಿವಿಲ್ ಕೋರ್ಟಿನಲ್ಲಿ, ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮಿನಡಿ ಘೋಷಣೆಯ ದಾವೆ. ಎರಡೂ ಶಾಲೆ, ಬಿ.ಇ.ಓ., ಮಂಡಳಿ, ಸರ್ಕಾರ ಪ್ರತಿವಾದಿಗಳಾಗಿರಬೇಕು. ಕೈಬಿಟ್ಟವರು ಆಮೇಲೆ ‘ನಾವು ಪಾರ್ಟಿಯಲ್ಲ’ ಅನ್ನುತ್ತಾರೆ. ಸರ್ಕಾರದ ಮೇಲೆ ದಾವೆಯಾದ್ದರಿಂದ ಸಾಮಾನ್ಯವಾಗಿ ಎರಡು ತಿಂಗಳ ಮುಂಚಿನ ನೋಟಿಸೂ ಬೇಕು. ಘೋಷಣೆಯ ದಾವೆಗೆ ಮೂರು ವರ್ಷದ ಮಿತಿ. ಅಪ್ರಾಪ್ತರಿಗೆ ಅದರ ಎಣಿಕೆ ಹದಿನೆಂಟು ತುಂಬಿದ ಮೇಲೆ. ವಹಿಯ ತಾರೀಖು ಹಿಡಿದರೆ ಇವಳ ಗಡುವು 2027ರ ಜೂನ್ 1, ತನ್ನ ತಾರೀಖು ಹಿಡಿದರೆ ಅದೇ ವರ್ಷದ ನವೆಂಬರ್ 12. ಜೂನನ್ನೇ ಗಡುವು ಅಂದುಕೊಂಡು ಹೊರಡುವುದು ಜಾಣತನ.

ನೌಕರಿ ಸಿಕ್ಕ ಮೇಲೆ ನೋಡೋಣ ಎನ್ನುವವರಿಗೆ ಕರ್ನಾಟಕದ್ದೇ ಒಂದು ತೀರ್ಪಿದೆ. ರಾಜ್ಯ ನೌಕರರ ವಯಸ್ಸು ನಿರ್ಧರಿಸುವ 1974ರ ಕಾಯ್ದೆ ತಿದ್ದುಪಡಿ ಕೇಳಲು ಕೊಡುವುದು ಮೂರೇ ವರ್ಷ. ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದ ನೌಕರ ಟಿ.ಪಿ. ನಟರಾಜ ಅವರ ದಾಖಲೆಯಲ್ಲಿ 4-1-1960 ಇತ್ತು. 24-1-1961 ಆಗಬೇಕು ಎಂದು ಅವರು ಕೇಳಿದ್ದು ಸೇವೆಗೆ ಸೇರಿ 24 ವರ್ಷವಾದ ಮೇಲೆ. ಹೈಕೋರ್ಟ್ ಅವರ ಪರ ಹೇಳಿದ್ದನ್ನು 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಪುರಾವೆ ಬಲವಾಗಿದ್ದರೂ ತಡವಾದರೆ ಹಕ್ಕಿಲ್ಲ ಎಂಬುದು ಅದರ ಸಾರ.

“ಇಂತಿ ತಮ್ಮ ವಿಶ್ವಾಸಿ.”

ಸಹಿ ಹಾಕುವ ಮೊದಲು ಟಿ.ಸಿ.ಯಲ್ಲಿರುವ ಹೆಸರಿನ ಕಾಗುಣಿತವನ್ನೇ ಇಲ್ಲೂ ಬರೆದಿದ್ದಾಳೆಯೇ ನೋಡಿಕೊಳ್ಳಲಿ. ಡಿಕ್ರಿ ಬಂದ ಮೇಲೆ ಅದರ ದೃಢೀಕೃತ ನಕಲು ಮೊದಲು ತಾಂಡಾ ಶಾಲೆಯ ವಹಿಗೆ ಹೋಗಬೇಕು: ಹಳೆಯ ತಾರೀಖು ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಹೊಸದನ್ನೂ ದಾವೆಯ ನಂಬರನ್ನೂ ಬರೆದು ಸಹಿ. ಆಮೇಲೆ ಟಿ.ಸಿ., ಅಂಕಪಟ್ಟಿ, ಪಿಯುಸಿ ದಾಖಲೆ. ಆಧಾರ್ ಕೊನೆಗೆ. ಅದರಲ್ಲಿ ಜನ್ಮ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ.