‘ಅಷ್ಟೇ!’ ಅಂದರೆ ಎಷ್ಟು?

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆಂದು ಹೇಳಿಕೊಡುವ ಬರಹಗಳಿಗೆ ಕನ್ನಡದಲ್ಲಿ ಬರವಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಗುಂಪುಗಳಲ್ಲಂತೂ ತಿಂಗಳಿಗೊಂದು ಬಂದು ಬೀಳುತ್ತದೆ. ಆದರೂ ಅದೇ ಗುಂಪುಗಳಲ್ಲಿ ಅರ್ಧಕ್ಕರ್ಧ ಜನ ಇವತ್ತಿಗೂ ‘ಚೆನ್ನಾಗಿದೆ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅವರಿಗೆ ಆಸಕ್ತಿಯಿಲ್ಲ, ಸೋಮಾರಿಗಳು ಎಂದು ಬೈಯುವುದು ಸುಲಭ. ನನಗೆ ಅನುಮಾನವಿರುವುದು ಆ ಬರಹಗಳ ಮೇಲೆಯೇ. ಕಥೆ, ಕವಿತೆಗಳನ್ನು ಸಾಲು ಸಾಲಾಗಿ ಓದಿ ತೂಗುವ ನಾವು ಈ ಬಗೆಯ ಗದ್ಯವನ್ನು ಹಾಗೆ ಓದುವುದೇ ಇಲ್ಲ. ಒಮ್ಮೆ ಓದಿ ನೋಡೋಣ.

ಹತ್ತಾರು ಬರಹಗಳನ್ನು ಓದಿದ ಮೇಲೆ ನಾನೇ ಕಟ್ಟಿದ ಮಾದರಿ ಇದು. ಯಾರೊಬ್ಬರದೂ ಅಲ್ಲ, ಆದರೆ ಎಲ್ಲರದೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ:

“ವಿಂಡೋಸ್ 11ರಲ್ಲಿ ಕನ್ನಡ ಟೈಪ್ ಮಾಡುವುದು ತುಂಬಾ ಸುಲಭ. ಮೊದಲು ಸಂಯೋಜನೆಗಳಿಗೆ ಹೋಗಿ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ನಂತರ ವಿಂಡೋಸ್ ಕೀ ಒತ್ತಿ ಸ್ಪೇಸ್ ಒತ್ತಿ ಭಾಷೆ ಬದಲಿಸಿಕೊಳ್ಳಿ. ಈಗ ಕನ್ನಡದಲ್ಲಿ ಟೈಪ್ ಮಾಡಿ. ಅಷ್ಟೇ!”

ಇದರಲ್ಲಿ ಒಂದೂ ಸುಳ್ಳಿಲ್ಲ. ಗೊತ್ತಿದ್ದವರು ಓದಿದರೆ ತಲೆಯಾಡಿಸುತ್ತಾರೆ. ತೊಂದರೆ ಇರುವುದೂ ಅಲ್ಲೇ: ಇದು ಗೊತ್ತಿದ್ದವರಿಗೆ ನೆನಪು ಮಾಡಿಕೊಡುತ್ತದೆ, ಗೊತ್ತಿಲ್ಲದವರಿಗೆ ದಾರಿ ತೋರಿಸುವುದಿಲ್ಲ.

ಪುಣೆಯ ನಮ್ಮ ಸೊಸೈಟಿಯಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ತಮ್ಮ ತಾಯಿ ಹೇಳುತ್ತಿದ್ದ ಬೀಸುಕಲ್ಲಿನ ಪದಗಳನ್ನು ನೆನಪಿರುವಷ್ಟರಲ್ಲಿ ಬರೆದಿಡಬೇಕೆಂಬ ಆಸೆ ಅವರಿಗೆ. ಮೇಲಿನಂಥದೇ ಒಂದು ಬರಹವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿ ಅವರ ಮುಂದಿಟ್ಟು, ನಾನು ಹಿಂದೆ ಕುರ್ಚಿ ಹಾಕಿಕೊಂಡು ಬಾಯಿ ಮುಚ್ಚಿ ಕೂತೆ. ಬಾಯಿ ಮುಚ್ಚಿಕೊಳ್ಳುವುದೇ ಇದರಲ್ಲಿ ಕಷ್ಟದ ಕೆಲಸ.

ಅವರು ಮೊದಲು ನಿಂತದ್ದು ‘ಸಂಯೋಜನೆಗಳು’ ಎಂಬ ಪದದ ಮುಂದೆ. ಪರದೆಯ ಮೇಲೆಲ್ಲ ಹುಡುಕಿದರು. ಅಂಥ ಪದ ಎಲ್ಲಿಯೂ ಇರಲಿಲ್ಲ, ಯಾಕೆಂದರೆ ಅವರ ಕಂಪ್ಯೂಟರ್ ಇಂಗ್ಲಿಷಿನಲ್ಲಿತ್ತು ಮತ್ತು ಅಲ್ಲಿದ್ದದ್ದು Settings. ಕನ್ನಡದಲ್ಲೇ ಎಲ್ಲವನ್ನೂ ಹೇಳಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಗುಂಡಿಯ ಮೇಲಿನ ಹೆಸರು ಓದುಗನಿಗೆ ಅರ್ಥವಾಗಬೇಕಾದ ಪದವಲ್ಲ, ಕಣ್ಣಿಗೆ ಹೊಂದಿಕೆಯಾಗಬೇಕಾದ ಗುರುತು. ಅಂಗಡಿಯ ಬೋರ್ಡಿನಲ್ಲಿ ಇರುವಂತೆಯೇ ಹೆಸರು ಹೇಳಿದರೆ ತಾನೇ ಹೊಸಬರು ಅಂಗಡಿ ಹುಡುಕುವುದು! ವಿವರಣೆ ಕನ್ನಡದಲ್ಲಿರಲಿ, ಪರದೆಯ ಮೇಲಿನ ಹೆಸರು ಪರದೆಯ ಮೇಲಿರುವಂತೆಯೇ ಇರಲಿ.

ಎರಡನೆಯ ಕಡೆ ಅವರು ನಿಂತಾಗ, ಅದರ ಕಾರಣ ನಮ್ಮ ವ್ಯಾಕರಣದಲ್ಲೇ ಇದೆ ಎಂದು ಹೊಳೆದು ನನಗೆ ಅಚ್ಚರಿಯಾಯಿತು. “ವಿಂಡೋಸ್ ಕೀ ಒತ್ತಿ ಸ್ಪೇಸ್ ಒತ್ತಿ.” ಕನ್ನಡದಲ್ಲಿ ‘ಒತ್ತಿ’ ಎಂಬುದು ಎರಡು ಕೆಲಸ ಮಾಡುತ್ತದೆ. ಮರ್ಯಾದೆಯಿಂದ ಹೇಳುವ ಆಜ್ಞೆಯೂ ಅದೇ, ಒಂದು ಕ್ರಿಯೆ ಮುಗಿದ ಮೇಲೆ ಇನ್ನೊಂದು ಎಂದು ಹೇಳುವ ರೂಪವೂ ಅದೇ. ‘ಕೈ ತೊಳೆದು ಊಟ ಮಾಡಿ’ ಎಂದರೆ ತೊಳೆಯುವುದು ಮುಗಿಯಬೇಕು, ಆಮೇಲೆ ಊಟ. ಅವರೂ ಹಾಗೇ ಓದಿಕೊಂಡರು. ವಿಂಡೋಸ್ ಕೀ ಒತ್ತಿದರು, ಬಿಟ್ಟರು, ಆಮೇಲೆ ಸ್ಪೇಸ್ ಒತ್ತಿದರು. ಕೀ ಬಿಟ್ಟ ತಕ್ಷಣ Start ಮೆನು ತೆರೆದುಕೊಂಡಿತು, ಭಾಷೆ ಬದಲಾಗಲಿಲ್ಲ. ಮತ್ತೆ ಮಾಡಿದರು, ಮತ್ತೆ ಅದೇ ಮೆನು. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದರು, ಬರೆದವರು ಸರಿಯಾಗಿ ಬರೆದಿರಲಿಲ್ಲ. ‘ಒತ್ತಿ ಹಿಡಿದುಕೊಳ್ಳಿ. ಬಿಡದೆ, ಇನ್ನೊಂದು ಬೆರಳಿನಿಂದ ಸ್ಪೇಸ್ ಒಮ್ಮೆ ತಟ್ಟಿ. ಆಮೇಲೆ ಎರಡನ್ನೂ ಬಿಡಿ’ ಎಂದು ಬರೆಯಬೇಕಿತ್ತು. ಉದ್ದವಾಯಿತು ಎನ್ನಬಹುದು. ಆದರೆ ಇಲ್ಲಿ ಒಂದು ಸಾಲು ಉಳಿಸಿದ್ದಕ್ಕೆ ಓದುಗನ ಹತ್ತು ನಿಮಿಷ ಹೋಯಿತು.

ಮೂರನೆಯದು ‘ಈಗ ಕನ್ನಡದಲ್ಲಿ ಟೈಪ್ ಮಾಡಿ’ ಎಂಬ ಸಾಲು. ಅವರು ಇಂಗ್ಲಿಷಿನಲ್ಲಿ kannada ಎಂದು ಒಂದೊಂದೇ ಅಕ್ಷರ ಒತ್ತಿದರು. k ಒತ್ತಿದಾಗ ಕ ಬಂತು. ಮುಖ ಅರಳಿತು. a ಒತ್ತಿದ ಕೂಡಲೇ ಅದು ಕೋ ಆಯಿತು. ಆಮೇಲೆ ಲ, ಇನ್ನೊಂದು ಲ, ಲೋ, ಕೊನೆಗೆ ಚುಕ್ಕೆಗಳ ಬಳೆಯೊಂದಕ್ಕೆ ಅಂಟಿಕೊಂಡ ಅನಾಥ ಚಿಹ್ನೆಗಳು.

“ತಮ್ಮಾ, ನಾ ಕನ್ನಡ ಅಂತ ಬರದ್ರ ಇದು ಕೋಲು ಹಿಡಕೊಂಡು ನಿಂತದಲ್ಲೋ!” ಎಂದರು.

ಆದದ್ದು ಇಷ್ಟು. ವಿಂಡೋಸ್‌ಗೆ ಕನ್ನಡ ಸೇರಿಸಿದಾಗ ತಾನಾಗಿ ಬರುವ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ಅದರಲ್ಲಿ ಅಕ್ಷರಗಳ ಜಾಗಕ್ಕೂ ಇಂಗ್ಲಿಷ್ ಉಚ್ಚಾರಕ್ಕೂ ಸಂಬಂಧವಿಲ್ಲ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ ಬರುವಂತೆ ಹಂಚಿದ್ದಾರೆ. a ಜಾಗದಲ್ಲಿ ೋ ಇದೆ, n ಜಾಗದಲ್ಲಿ ಲ ಇದೆ, d ಜಾಗದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಇದೆ. k ಜಾಗದಲ್ಲಿ ಕ ಇರುವುದು ಬರೀ ಕಾಕತಾಳೀಯ, ಮತ್ತು ಹೊಸಬರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಮೊದಲ ಅಕ್ಷರ ಸರಿಯಾಗಿ ಬಂದದ್ದರಿಂದಲೇ, ಮುಂದಿನದು ಕೆಟ್ಟಾಗ ತಪ್ಪು ತನ್ನದೇ ಎಂದುಕೊಳ್ಳುತ್ತಾರೆ. ಇದೇ ಪದವನ್ನು ಆ ಕೀಲಿಮಣೆಯಲ್ಲಿ ಪಡೆಯಲು ಒತ್ತಬೇಕಾದದ್ದು ಈ ಐದು:

```
k v d v [
```

ಕ, ನ, ಹಲಂತ, ನ, ಡ. ಈ ಒಂದು ಸಾಲು ಆ ಬರಹದಲ್ಲಿದ್ದಿದ್ದರೆ ಹಿರಿಯರ ಪರದೆಯ ಮೇಲೆ ಮೊದಲ ಪ್ರಯತ್ನಕ್ಕೇ ‘ಕನ್ನಡ’ ಮೂಡುತ್ತಿತ್ತು. ‘ಇನ್‌ಸ್ಕ್ರಿಪ್ಟ್’ ಎಂಬ ಹೆಸರು, ಅದರ ತತ್ತ್ವ, ನುಡಿಯ ವಿನ್ಯಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸ, ಯಾವುದೂ ಆ ಹೊತ್ತಿಗೆ ಬೇಕಿಲ್ಲ. ನಮ್ಮ ಬರಹಗಾರರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ: ಯೂನಿಕೋಡ್ ಪುರಾಣ ಎರಡು ಪ್ಯಾರಾ, ನಾಲ್ಕು ತಂತ್ರಾಂಶಗಳ ಹೋಲಿಕೆ ಒಂದು ಪ್ಯಾರಾ, ‘ನಿಮಗೆ ಬೇಕಾದುದನ್ನು ಆರಿಸಿಕೊಳ್ಳಿ’ ಎಂಬ ಔದಾರ್ಯ, ಕೊನೆಗೆ ಕೆಲಸಕ್ಕೆ ಒಂದೂವರೆ ಸಾಲು. ಏನೂ ಗೊತ್ತಿಲ್ಲದವರಿಗೆ ನಾಲ್ಕು ದಾರಿ ತೋರಿಸಿದರೆ ಅವರು ಒಂದನ್ನೂ ಹಿಡಿಯುವುದಿಲ್ಲ. ಆರಿಸಬೇಕಾದವರು ಬರೆಯುವವರು.

ಮೂರು ಕಡೆಯೂ ಅವರು ಹೆಜ್ಜೆಯ ಮೇಲೆ ಎಡವಲಿಲ್ಲ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಬಿದ್ದರು ಎಂಬುದನ್ನು ಗಮನಿಸಬೇಕು. ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ಉಪಾಯವೇ ಬರಹದಲ್ಲಿರಲಿಲ್ಲ. ಕಲಿಸುವವರು ಪಕ್ಕದಲ್ಲಿದ್ದರೆ ‘ಹ್ಞೂಂ, ಸರಿ, ಮುಂದೆ’ ಎನ್ನುತ್ತಾರಲ್ಲ, ಆ ‘ಹ್ಞೂಂ’ ಬರಹದಲ್ಲಿ ಎಲ್ಲಿಂದ ಬರಬೇಕು? ಪ್ರತಿ ಹೆಜ್ಜೆಯ ಕೊನೆಗೆ ಪರದೆಯ ಮೇಲೆ ಏನು ಕಾಣಬೇಕು ಎಂದು ಹೇಳುವುದರಿಂದ ಬರಬೇಕು. ಅದು ಕಾಣದಿದ್ದರೆ ಏನಾಗಿರಬಹುದು ಎಂಬುದನ್ನು ಎಲ್ಲ ಕಡೆ ಹೇಳಲು ಆಗದು. ಬಹುತೇಕ ಹೊಸಬರು ತಪ್ಪುವ ಒಂದೆರಡು ಕಡೆ ಹೇಳಿದರೆ ಸಾಕು.

ಇಷ್ಟು ಟೀಕೆ ಮಾಡಿದ ಮೇಲೆ, ಅದೇ ಪಾಠವನ್ನು ನಾನು ಹೇಗೆ ಬರೆಯುತ್ತೇನೆ ಎಂದು ತೋರಿಸದಿದ್ದರೆ ನ್ಯಾಯವಲ್ಲ:

“ಇದು ವಿಂಡೋಸ್ 11 ಇರುವ, ಇಂಗ್ಲಿಷ್ ಪರದೆಯ ಕಂಪ್ಯೂಟರಿಗೆ. ಇಂಟರ್ನೆಟ್ ಬೇಕು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಭಾಷೆ ಸೇರಿಸಲು ಅನುಮತಿ ಇಲ್ಲದಿರಬಹುದು, ಮೊದಲು ಕೇಳಿಕೊಳ್ಳಿ.

ವಿಂಡೋಸ್ ಕೀಯನ್ನು ಒಮ್ಮೆ ಒತ್ತಿ ಬಿಡಿ. ಮೆನು ತೆರೆಯುತ್ತದೆ. settings ಎಂದು ಟೈಪ್ ಮಾಡಿ Enter ಒತ್ತಿ. Settings ಎಂಬ ಕಿಟಕಿ ತೆರೆಯಬೇಕು. ಅದರ ಎಡಬದಿಯಲ್ಲಿ Time & language ಇದೆ, ಕ್ಲಿಕ್ ಮಾಡಿ. ಈಗ ಬಲಬದಿಯಲ್ಲಿ Language & region ಕಾಣುತ್ತದೆ, ಅದನ್ನು ಕ್ಲಿಕ್ ಮಾಡಿ. Add a language ಎಂಬ ಗುಂಡಿ ಇರುವ ಪುಟ ಬಂದರೆ ಸರಿಯಾದ ಜಾಗದಲ್ಲಿದ್ದೀರಿ.

ಆ ಗುಂಡಿ ಒತ್ತಿ, ಹುಡುಕುವ ಜಾಗದಲ್ಲಿ Kannada ಎಂದು ಬರೆಯಿರಿ. ಪಟ್ಟಿಯಲ್ಲಿ ಬಂದ ಕನ್ನಡವನ್ನು ಆರಿಸಿ Next ಒತ್ತಿ. ಮುಂದಿನ ಪುಟದಲ್ಲಿ Set as my Windows display language ಎಂಬ ಸಾಲು ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಕಂಪ್ಯೂಟರಿನ ಗುಂಡಿಗಳ ಹೆಸರೆಲ್ಲ ಬದಲಾಗಿ ಈ ಪಾಠ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. Install ಒತ್ತಿ. ಮೊದಲಿನ ಪುಟದ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡ ಬಂದಿರಬೇಕು.

ಈಗ Notepad ತೆರೆದು ಅದರೊಳಗೆ ಒಮ್ಮೆ ಕ್ಲಿಕ್ ಮಾಡಿ. ವಿಂಡೋಸ್ ಕೀಯನ್ನು ಒತ್ತಿ ಹಿಡಿದುಕೊಂಡೇ ಸ್ಪೇಸ್ ತಟ್ಟಿ, ಎರಡನ್ನೂ ಬಿಡಿ. ಪರದೆಯ ಬಲ ಕೆಳಮೂಲೆಯಲ್ಲಿ ENG ಎಂದಿದ್ದದ್ದು ಬದಲಾಗಬೇಕು. Start ಮೆನು ತೆರೆದುಕೊಂಡರೆ ಕೀಯನ್ನು ಬೇಗ ಬಿಟ್ಟಿದ್ದೀರಿ, Esc ಒತ್ತಿ ಮತ್ತೆ ಮಾಡಿ. ಆಮೇಲೆ k, v, d, v, [ ಈ ಐದನ್ನು ಒಂದೊಂದಾಗಿ ಒತ್ತಿ. ‘ಕನ್ನಡ’ ಎಂದು ಬರುತ್ತದೆ. ಇಂಗ್ಲಿಷಿಗೆ ಮರಳಲು ವಿಂಡೋಸ್ ಕೀ ಹಿಡಿದು ಮತ್ತೆ ಸ್ಪೇಸ್ ತಟ್ಟಿ.”

ಕೊನೆಯ ವಾಕ್ಯವನ್ನು ಬಹಳ ಜನ ಬರೆಯುವುದಿಲ್ಲ. ಹೋಗುವ ದಾರಿ ಹೇಳಿ ಬರುವ ದಾರಿ ಬಿಡುತ್ತಾರೆ. ಹೊಸಬರು ಕನ್ನಡ ಬಂತೆಂದು ಖುಷಿಪಟ್ಟು, ಸ್ವಲ್ಪ ಹೊತ್ತಿನ ಮೇಲೆ ಪಾಸ್‌ವರ್ಡ್ ಹಾಕಲು ಹೋಗುತ್ತಾರೆ. ಅಲ್ಲಿ ಅಕ್ಷರದ ಬದಲು ಚುಕ್ಕೆಗಳಷ್ಟೇ ಕಾಣುವುದರಿಂದ ಕೀಲಿಮಣೆ ಯಾವ ಭಾಷೆಯಲ್ಲಿದೆ ಎಂದು ತಿಳಿಯುವುದಿಲ್ಲ. ಮೂರು ಸಲ ತಪ್ಪಾದ ಮೇಲೆ ಕಂಪ್ಯೂಟರ್ ಕೆಟ್ಟಿತೆಂದು ಮಗನಿಗೆ ಫೋನ್ ಮಾಡುತ್ತಾರೆ, ಮಗ ‘ಕನ್ನಡ ತೆಗೆದುಹಾಕಿ’ ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ನನ್ನ ಪಾಠಕ್ಕೂ ಆಕ್ಷೇಪ ಬರಬಹುದು. ಇನ್‌ಸ್ಕ್ರಿಪ್ಟ್ ಯಾಕೆ, ಉಚ್ಚಾರದಂತೆ ಬರೆಯುವ Kannada Phonetic ಅದೇ ವಿಂಡೋಸ್‌ನಲ್ಲಿದೆಯಲ್ಲ ಎಂದು. ಇದೆ. ಕನ್ನಡದ ಪಕ್ಕದ ಮೂರು ಚುಕ್ಕೆಗಳಿಂದ Language options ಗೆ ಹೋಗಿ Add a keyboard ಒತ್ತಿದರೆ ಸಿಗುತ್ತದೆ. ಇಂಗ್ಲಿಷ್ ಟೈಪಿಂಗ್ ಚೆನ್ನಾಗಿ ರೂಢಿಯಾದವರಿಗೆ ಅದೇ ಒಳ್ಳೆಯದು, ಅವರಿಗಾಗಿ ಬರೆಯುವ ಪಾಠ ಅಲ್ಲಿಂದಲೇ ಶುರುವಾಗಬೇಕು. ನಾನು ಬಿಟ್ಟದ್ದು ಏಕೆಂದರೆ ಆಗ ಒಂದೇ ಸ್ಪೇಸ್ ತಟ್ಟಿಗೆ ಬದಲಾಗುತ್ತಿದ್ದದ್ದು ಮೂರು ಕೀಲಿಮಣೆಗಳ ಸರದಿಯಾಗುತ್ತದೆ: ಇಂಗ್ಲಿಷ್ ಒಂದು, ಕನ್ನಡ ಎರಡು. ಯಾವ ಕನ್ನಡದಲ್ಲಿ ನಿಂತಿದ್ದೇನೆ ಎಂಬ ಹೊಸ ಗೊಂದಲ ಮೊದಲ ದಿನವೇ ಬೇಡ. ಹಾಗೆಯೇ ‘ಲ್ಯಾಪ್‌ಟಾಪ್’ ಎಂದು ಬರೆಯುವಾಗ ಪ್‌ ಕೆಳಗೆ ಟಾ ಒತ್ತಾಗಿ ಇಳಿಯದಂತೆ ತಡೆಯುವುದು ಹೇಗೆ ಎಂಬುದೂ ಎರಡನೆಯ ಪಾಠದ ಮಾತು.

ಇದೆಲ್ಲ ಎಷ್ಟು ದಿನ ಬಾಳುತ್ತದೆ? ವಿಂಡೋಸ್ 10ರಲ್ಲಿ ಆ ಪುಟದ ಹೆಸರು Language ಅಷ್ಟೇ, Region ಬೇರೆ ಪುಟ. ಮುಂದಿನ ಬದಲಾವಣೆಯಲ್ಲಿ ಇನ್ನೇನಾಗುತ್ತದೋ. ಆದ್ದರಿಂದ ಪಾಠದ ನೆತ್ತಿಯ ಮೇಲೆ ಯಾವ ವಿಂಡೋಸ್, ಯಾವ ತಿಂಗಳಲ್ಲಿ ಕೊನೆಯ ಸಲ ಮಾಡಿ ನೋಡಿದ್ದು ಎಂದು ಬರೆಯಬೇಕು. ಮಾಡಿ ನೋಡುವಾಗ ಬರೆದವರ ಸ್ವಂತ ಕಂಪ್ಯೂಟರ್ ಕೆಲಸಕ್ಕೆ ಬಾರದು, ಅಲ್ಲಿ ಕನ್ನಡ ಆಗಲೇ ಕೂತುಬಿಟ್ಟಿರುತ್ತದೆ. ಕನ್ನಡವನ್ನೇ ಕಾಣದ ಇನ್ನೊಂದನ್ನು ಅರ್ಧ ಗಂಟೆ ಯಾರಿಂದಲಾದರೂ ಕಡ ತರಬೇಕು.