ಒಂಬತ್ತು ವಿಷಯ, ಐದು ಸಾಲು

ಬೋರ್ಡ್ ಮೀಟಿಂಗ್ ಆದ ದಿನ ಸಂಜೆ ಕಂಪನಿಯ ಇಂಟ್ರಾನೆಟ್‌ನಲ್ಲಿ ನೌಕರರಿಗಾಗಿ ಒಂದು ಟಿಪ್ಪಣಿ ಹಾಕುತ್ತಾರೆ. ಹದಿನೈದು ಸಾಲು ದಾಟುವುದಿಲ್ಲ. ಈ ಅಂಕಣದಲ್ಲಿ ಸುತ್ತೋಲೆ, ನೋಟಿಸು, ಬೀಳ್ಕೊಡುಗೆ ಪತ್ರಗಳ ಬಗ್ಗೆ ಬರೆದಿದ್ದೇನೆ. ಕಚೇರಿ ಬರಹಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಈ ಟಿಪ್ಪಣಿ, ಬರೆಯಲು ಹೆಚ್ಚು ಕಷ್ಟವಾದದ್ದೂ ಇದೇ. ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ, ಅದರಲ್ಲಿ ಅರ್ಧವನ್ನಷ್ಟೇ ಹೇಳಬೇಕು. ಉಳಿದರ್ಧ ಇದೆ ಎನ್ನುವ ಸುಳಿವೂ ಓದುವವರಿಗೆ ಸಿಗಬಾರದು, ಹಾಗೆಂದು ಹೇಳಿದ ಅರ್ಧದಲ್ಲಿ ಒಂದು ಸುಳ್ಳೂ ಇರಬಾರದು.

ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮೂರು ಕಾರ್ಖಾನೆಗಳಿರುವ, ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ. ಗುರುವಾರ ಬೆಳಿಗ್ಗೆ ಶುರುವಾದ ಬೋರ್ಡ್ ಮೀಟಿಂಗ್ ಮಧ್ಯಾಹ್ನ 1.40ಕ್ಕೆ ಮುಗಿಯಿತು. ಅಜೆಂಡಾದಲ್ಲಿ ಒಂಬತ್ತು ವಿಷಯಗಳಿದ್ದವು. ಮೊದಲನೆಯದು ಹಿಂದಿನ ಸಭೆಯ ನಡವಳಿಗೆ ಒಪ್ಪಿಗೆ. ಆಮೇಲೆ ತ್ರೈಮಾಸಿಕ ಫಲಿತಾಂಶ, ಮಧ್ಯಂತರ ಲಾಭಾಂಶ, ಹೊಸ ಹಣಕಾಸು ಮುಖ್ಯಸ್ಥರ ನೇಮಕ, ಎರಡನೇ ಕಾರ್ಖಾನೆಗೆ ಹೊಸ ಪೇಂಟ್ ಶಾಪ್, ಚಿಕ್ಕದೊಂದು ಕಂಪನಿಯನ್ನು ಕೊಳ್ಳುವ ಮಾತುಕತೆ, ಲೈಂಗಿಕ ಕಿರುಕುಳದ ದೂರೊಂದರ ವಿಚಾರಣಾ ವರದಿ, ಕೋರ್ಟಿನಲ್ಲಿರುವ ಒಂದು ವ್ಯಾಜ್ಯದ ಬಗ್ಗೆ ವಕೀಲರ ಸಲಹೆ. ಕೊನೆಯದು, ನೌಕರರ ಆರೋಗ್ಯ ವಿಮೆಯ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುವುದು.

ಟಿಪ್ಪಣಿ ಬರೆಯುವವರ ಕೈಗೆ ಆಗ ಮಿನಿಟ್ಸ್ ಸಿಕ್ಕಿರುವುದಿಲ್ಲ. ಕಂಪನಿ ಸೆಕ್ರೆಟರಿಗಳು ಪಾಲಿಸಬೇಕಾದ ಮಾನದಂಡದ ಪ್ರಕಾರ ನಡವಳಿಯ ಕರಡನ್ನು ನಿರ್ದೇಶಕರಿಗೆ ಕಳಿಸಲು 15 ದಿನ ಇರುತ್ತದೆ, ಅವರು ಅಭಿಪ್ರಾಯ ಹೇಳಲು ಏಳು ದಿನ, ಪುಸ್ತಕಕ್ಕೆ ಏರಿಸಲು ಸಭೆಯಾದ ದಿನದಿಂದ 30 ದಿನ. ಆದ್ದರಿಂದ ಟಿಪ್ಪಣಿ ಹುಟ್ಟುವುದು ನಿರ್ಣಯಗಳಿಂದ, ಚರ್ಚೆಯಿಂದಲ್ಲ. ನನಗೆ ಇದು ಅನುಕೂಲವಾಗಿಯೇ ಕಾಣುತ್ತದೆ. ಯಾರು ಏನೆಂದರು, ಯಾರು ಬೇಡವೆಂದರು ಎನ್ನುವುದು ಬರೆಯುವವನ ಮೇಜಿನ ಮೇಲೆ ಇಲ್ಲದಿದ್ದರೆ ಜಾರಿ ಹೊರಬೀಳುವ ಭಯವೂ ಇಲ್ಲ. ‘ಸುದೀರ್ಘ ಚರ್ಚೆಯ ನಂತರ ಮಂಡಳಿ ಅನುಮೋದಿಸಿತು’ ಎನ್ನುವ ಸಾಲನ್ನು ಎಷ್ಟೋ ಟಿಪ್ಪಣಿಗಳಲ್ಲಿ ನೋಡಿದ್ದೇನೆ. ಬರೆದವರಿಗೆ ಅದು ಗಾಂಭೀರ್ಯದ ಮಾತು. ಓದಿದವರಿಗೆ ಮಾತ್ರ ಒಳಗೆ ಜಗಳ ಆಗಿದೆ ಎಂದೇ ಕೇಳಿಸುತ್ತದೆ.

ಇನ್ನು ಗಡಿಯಾರದ ವಿಷಯ. ಫಲಿತಾಂಶಕ್ಕೆ ಒಪ್ಪಿಗೆ ಕೊಟ್ಟ ಸಭೆ ಮುಗಿದ 30 ನಿಮಿಷದೊಳಗೆ ಷೇರುಪೇಟೆಗೆ ತಿಳಿಸಬೇಕು ಎನ್ನುವುದು ಸೆಬಿ ನಿಯಮ. ಪೇಟೆಯ ವಹಿವಾಟು ಮುಗಿದ ಮೇಲೆ ಸಭೆ ಮುಗಿದರೆ ಮೂರು ಗಂಟೆ ಅವಕಾಶ ಕೊಡುವ ತಿದ್ದುಪಡಿ 2024ರ ಡಿಸೆಂಬರ್‌ನಲ್ಲಿ ಬಂತು. ನಮ್ಮ ಸಭೆ ಮುಗಿದದ್ದು 1.40ಕ್ಕೆ, ಹಾಗಾಗಿ 2.10 ಕೊನೆಯ ಗಡುವು. ಕಂಪನಿ ಸೆಕ್ರೆಟರಿ 2.05ಕ್ಕೆ ಕಳಿಸಿದರು ಎನ್ನೋಣ. ಇಂಟ್ರಾನೆಟ್ ಟಿಪ್ಪಣಿ ಹೋಗಬೇಕಾದದ್ದು ಅದಾದ ಮೇಲೆ. ‘ಕಳಿಸಿದ್ದೇವೆ’ ಎನ್ನುವ ಫೋನ್ ಬಂದರೆ ಸಾಲದು, ಷೇರುಪೇಟೆಯ ವೆಬ್‌ಸೈಟಿನಲ್ಲಿ ಆ ಕಾಗದ ಕಾಣಿಸುವುದನ್ನು ಕಣ್ಣಾರೆ ನೋಡಿಯೇ ಬಟನ್ ಒತ್ತಬೇಕು. ಕಂಪನಿಯ ಒಳಗಿನ ಪುಟವನ್ನು ಸಾವಿರ ಜನ ಓದಿದರೂ ಕಾನೂನಿನ ಲೆಕ್ಕದಲ್ಲಿ ಅದು ಪ್ರಕಟಣೆಯಲ್ಲ. ಎಲ್ಲರಿಗೂ ಭೇದವಿಲ್ಲದೆ ಸಿಗುವಂತಿದ್ದರೆ ಮಾತ್ರ ಮಾಹಿತಿ ಸಾರ್ವಜನಿಕವಾಗುತ್ತದೆ. ಷೇರಿನ ಬೆಲೆ ಅಲುಗಾಡಿಸುವಂಥ ಸಂಗತಿ ಪೇಟೆಗೆ ಮೊದಲು ಇಂಟ್ರಾನೆಟ್‌ಗೆ ಬಂದರೆ, ಓದಿದ ಅಷ್ಟೂ ನೌಕರರ ಕೈಗೆ ಒಳಮಾಹಿತಿ ಇಟ್ಟಂತಾಯಿತು. ತಪ್ಪು ಮಾಡಿದವನು ಒಬ್ಬ, ಉತ್ತರ ಹೇಳಬೇಕಾದವರು ಅವರೆಲ್ಲ.

ಒಂಬತ್ತನ್ನು ಸೋಸುವ ಕೆಲಸದಲ್ಲಿ ಹೆಚ್ಚಿನವು ಸಲೀಸು. ಫಲಿತಾಂಶ, ಲಾಭಾಂಶ, ಹಣಕಾಸು ಮುಖ್ಯಸ್ಥರ ನೇಮಕ ಪೇಟೆಗೆ ಹೋಗಿಯಾಗಿದೆ, ಅವು ಬರಬಹುದು. ಕೊಳ್ಳುವ ಮಾತುಕತೆ ಇನ್ನೂ ಕುದುರಿಲ್ಲ, ಅದರ ನೆರಳೂ ಬೀಳಕೂಡದು. ಕಿರುಕುಳದ ದೂರಿನ ಹೂರಣ, ಸಂಬಂಧಪಟ್ಟವರ ಗುರುತು, ವಿಚಾರಣೆಯ ವಿವರ ಇವನ್ನು ಪ್ರಕಟಿಸುವುದನ್ನು 2013ರ ಕಾಯ್ದೆಯೇ ತಡೆಯುತ್ತದೆ. ಹೆಸರು ಬಿಟ್ಟು ‘ಒಂದು ದೂರು ಪರಿಶೀಲಿಸಲಾಯಿತು’ ಎಂದು ಬರೆದರೂ, ಆ ವಿಭಾಗದ ಹತ್ತು ಜನ ಆ ಹೆಣ್ಣುಮಗಳ ಕಡೆ ತಿರುಗಿ ನೋಡುತ್ತಾರೆ. ವಕೀಲರ ಸಲಹೆ ಎದುರಾಳಿಯ ಕೈಗೆ ಸಿಗಬಾರದ ವಸ್ತು. ಪೇಂಟ್ ಶಾಪ್ ಒಂದರಲ್ಲಿ ಮಾತ್ರ ಯೋಚಿಸಬೇಕು. ಕಂಪನಿಯ ಗಾತ್ರಕ್ಕೆ ಅದು ಸಣ್ಣ ವೆಚ್ಚ, ಪೇಟೆಗೆ ತಿಳಿಸುವಷ್ಟು ದೊಡ್ಡದಲ್ಲ. ಆದರೆ ಆ ಕಾರ್ಖಾನೆಯವರು ಮೂರು ವರ್ಷದಿಂದ ಕಾಯುತ್ತಿದ್ದಾರೆ. ಕಂಪನಿ ಸೆಕ್ರೆಟರಿಯನ್ನು ಕೇಳಿ, ಅವರು ಆಗಬಹುದೆಂದರೆ, ಮೊತ್ತವನ್ನೂ ಸರಬರಾಜು ಮಾಡುವವರ ಹೆಸರನ್ನೂ ಬಿಟ್ಟು ಹೇಳಬಹುದು. ಮೊತ್ತ ಬಿಡುವುದಕ್ಕೆ ಕಾರಣವಿದೆ. ಟೆಂಡರ್ ಇನ್ನೂ ಕರೆದಿಲ್ಲ, ನಮ್ಮ ಜೇಬಿನಲ್ಲಿ ಎಷ್ಟಿದೆ ಎಂದು ಮಾರುವವನಿಗೆ ಮೊದಲೇ ತಿಳಿಸಿದಂತಾಗುತ್ತದೆ.

ಇಷ್ಟಾದ ಮೇಲೆ ಟಿಪ್ಪಣಿ ಹೀಗೆ ಬರುತ್ತದೆ:

‘ನಮ್ಮ ನಿರ್ದೇಶಕ ಮಂಡಳಿ ಇಂದು ಸಭೆ ಸೇರಿತ್ತು. ನೌಕರರ ಆರೋಗ್ಯ ವಿಮೆಯ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿಸಲು ಮಂಡಳಿ ಒಪ್ಪಿದೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಜಾರಿಗೆ ಬರುತ್ತದೆ. ಎರಡನೇ ಕಾರ್ಖಾನೆಯಲ್ಲಿ ಹೊಸ ಪೇಂಟ್ ಶಾಪ್ ಕಟ್ಟಲು ಅನುಮತಿ ನೀಡಿದೆ. ತ್ರೈಮಾಸಿಕ ಫಲಿತಾಂಶಕ್ಕೆ ಅನುಮೋದನೆ ನೀಡಿದ್ದು, ಷೇರುಪೇಟೆಗೆ ಸಲ್ಲಿಸಿದ ಪ್ರತಿ ಇಲ್ಲಿದೆ. ಪ್ರತಿ ಷೇರಿಗೆ 2.50 ರೂಪಾಯಿ ಮಧ್ಯಂತರ ಲಾಭಾಂಶ ಘೋಷಿಸಿದೆ. ಹೊಸ ಹಣಕಾಸು ಮುಖ್ಯಸ್ಥರು ಮುಂದಿನ ತಿಂಗಳು ಅಧಿಕಾರ ವಹಿಸಿಕೊಳ್ಳುತ್ತಾರೆ. ಟ್ರೇಡಿಂಗ್ ವಿಂಡೋ ಅನ್ವಯವಾಗುವವರಿಗೆ ಅದು ಸೋಮವಾರ ತೆರೆಯುತ್ತದೆ.’

ಅಜೆಂಡಾದಲ್ಲಿ ಕೊನೆಗಿದ್ದ ವಿಮೆ ಇಲ್ಲಿ ಮೊದಲಿಗೆ ಬಂದಿದೆ. ಓದುವವರು ಮೊದಲು ಹುಡುಕುವುದು ಅದನ್ನೇ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಲಾಭವೂ ಇದೆ. ಅಜೆಂಡಾದ ಕ್ರಮದಲ್ಲೇ ಬರೆದರೆ, ಅಂಕಿ ಹಾಕಿ ಬರೆದರೆ ಇನ್ನೂ ಹೆಚ್ಚಾಗಿ, ಬಿಟ್ಟದ್ದು ಬಾಯಿಯಲ್ಲಿ ಹಲ್ಲು ಬಿದ್ದ ಜಾಗದಂತೆ ಕಾಣುತ್ತದೆ. ಕ್ರಮ ಬದಲಾದಾಗ ಐದು ಸಾಲು ತಮ್ಮಷ್ಟಕ್ಕೇ ಪೂರ್ತಿಯಾಗಿ ಕಾಣುತ್ತವೆ. ಕೊನೆಯಲ್ಲಿ ‘ಇತರ ಕೆಲವು ವಿಷಯಗಳೂ ಚರ್ಚೆಗೆ ಬಂದವು’ ಎಂದು ಬರೆಯುವ ಚಟವನ್ನು ಬಿಡಬೇಕು. ಅದು ಮುಚ್ಚಿದ ಬಾಗಿಲನ್ನು ಬೆರಳು ಮಾಡಿ ತೋರಿಸುವ ಸಾಲು. ಸೋಮವಾರ ಎಂದದ್ದೂ ಲೆಕ್ಕ ಹಾಕಿಯೇ. ಫಲಿತಾಂಶ ಪ್ರಕಟವಾದ 48 ಗಂಟೆಯವರೆಗೆ ವಿಂಡೋ ಮುಚ್ಚಿರುತ್ತದೆ, ಗುರುವಾರದಿಂದ ಎಣಿಸಿದರೆ ಶನಿವಾರ ಮಧ್ಯಾಹ್ನವಾಗುತ್ತದೆ, ಪೇಟೆ ತೆರೆಯುವುದು ಸೋಮವಾರ. ಅದೇ ಹೊತ್ತಿಗೆ ಕೊಳ್ಳುವ ಮಾತುಕತೆ ಗೊತ್ತಿರುವ ನಾಲ್ಕಾರು ಜನರಿಗೆ ಸೋಮವಾರವೂ ಅವಕಾಶವಿಲ್ಲ. ಅವರಿಗೆ ಅದನ್ನು ಬೇರೆಯಾಗಿ, ಒಬ್ಬೊಬ್ಬರಿಗೇ ತಿಳಿಸಬೇಕು. ಆ ಮಾತು ಟಿಪ್ಪಣಿಗೆ ಬಂತೋ, ಎಲ್ಲ ಬಯಲಾಯಿತು.

ಫಲಿತಾಂಶದ ಸಾಲಿನಲ್ಲಿ ಒಂದು ಅಂಕಿಯನ್ನೂ, ಒಂದು ವಿಶೇಷಣವನ್ನೂ ನಾನು ಹಾಕಿಲ್ಲ. ‘ಉತ್ತಮ ಫಲಿತಾಂಶ, ಮುಂದಿನ ತ್ರೈಮಾಸಿಕಕ್ಕೂ ಆರ್ಡರ್‌ಗಳು ಭರ್ತಿಯಾಗಿವೆ’ ಎಂದು ಬರೆಯಲು ಕೈ ತುರಿಸುತ್ತದೆ. ದುಡಿದವರಿಗೆ ಒಂದು ಒಳ್ಳೆಯ ಮಾತು ಹೇಳೋಣ ಎನ್ನುವ ಆಸೆ ಸಹಜವೇ. ಆದರೆ ಆರ್ಡರ್ ಮಾತು ಪೇಟೆಗೆ ಹೋದ ಕಾಗದದಲ್ಲಿ ಇಲ್ಲದಿದ್ದರೆ ಅದು ಹೊಸ ಮಾಹಿತಿ. ಕನ್ನಡ ಪ್ರತಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಂಗ್ಲಿಷ್ ಪ್ರತಿಯನ್ನು ಹತ್ತು ಜನ ನೋಡಿರುತ್ತಾರೆ, ಕನ್ನಡದ್ದನ್ನು ಸಂಜೆ ಆರಕ್ಕೆ ಒಬ್ಬರು ಕೂತು ಬರೆದು ಹಾಕಿರುತ್ತಾರೆ. ಒಟ್ಟು ಆದಾಯ ಏರಿದೆ ಎಂದಿದ್ದದ್ದು ‘ಲಾಭ ಏರಿದೆ’ ಎಂದಾದದ್ದನ್ನು ನಾನು ನೋಡಿದ್ದೇನೆ. ಆ ತ್ರೈಮಾಸಿಕದಲ್ಲಿ ಲಾಭ ಇಳಿದಿತ್ತು. ಶಾಪ್ ಫ್ಲೋರ್‌ನಲ್ಲಿ ಬೋನಸ್ ಲೆಕ್ಕಾಚಾರ ಶುರುವಾಗಿ, ಮರುದಿನ ಯೂನಿಯನ್‌ನವರು ಆ ಪುಟವನ್ನು ಮುದ್ರಿಸಿಕೊಂಡು ಮಾತುಕತೆಗೆ ಬಂದರು. ಅವರದ್ದೇನೂ ತಪ್ಪಿರಲಿಲ್ಲ.

ಕ್ರಿಯಾಪದಗಳಲ್ಲಿ ನಾನು ನಂಬುವುದು ಆಗಿ ಮುಗಿದ ಕೆಲಸವನ್ನು ಹೇಳುವಂಥವನ್ನು ಮಾತ್ರ. ಅನುಮೋದಿಸಿತು, ನೇಮಿಸಿತು, ಘೋಷಿಸಿತು. ‘ತಾತ್ವಿಕವಾಗಿ ಒಪ್ಪಿತು’, ‘ಮುಂದಿನ ಸಭೆಗೆ ಕಾಯ್ದಿರಿಸಿತು’ ಎನ್ನುವಂಥವು ಮುಗಿಯದ ಕೆಲಸದ ಸುದ್ದಿ ಕೊಡುತ್ತವೆ. ಮುಂದಿನ ಸಭೆಯ ಟಿಪ್ಪಣಿಯಲ್ಲಿ ಅದು ಕಾಣದಿದ್ದರೆ ಏನಾಯಿತೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಅನುಮೋದಿಸಲಾಯಿತು’ ಎನ್ನುವ ಕರ್ಮಣಿಯೂ ನನಗೆ ಹಿಡಿಸದು. ಯಾರು ಅನುಮೋದಿಸಿದರು? ಮಂಡಳಿಯೋ, ಅದರ ಸಮಿತಿಯೋ, ಎಂ.ಡಿ.ಯವರೋ? ಮಂಡಳಿ ಅನುಮೋದಿಸಿತು ಎಂದರೆ ಸಾಲೂ ಚಿಕ್ಕದು, ಹೊಣೆಯೂ ಸ್ಪಷ್ಟ.

ಇಷ್ಟೆಲ್ಲ ಹೇಳುವ ನಾನು ಎಡವಿದ್ದು ವಿಶೇಷಣದಲ್ಲೂ ಅಲ್ಲ, ಕ್ರಿಯಾಪದದಲ್ಲೂ ಅಲ್ಲ. ಕಂಪನಿಯೊಂದರ ಸೆಕ್ರೆಟರಿಯವರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಸಲ ಬರೆದೆ: ಮೊದಲ, ಎರಡನೆಯ ಮತ್ತು ನಾಲ್ಕನೆಯ ಘಟಕಗಳ ದುರಸ್ತಿಗೆ ಮಂಡಳಿ ಹಣ ಮಂಜೂರು ಮಾಡಿದೆ. ಪ್ರತಿ ಅಕ್ಷರವೂ ನಿಜ. ಕಂಪನಿಗೆ ಇದ್ದದ್ದು ನಾಲ್ಕು ಘಟಕ. ಮೂರನೆಯದನ್ನು ಏನು ಮಾಡುವುದೆಂದು ಮಂಡಳಿ ಅಂದು ಇನ್ನೂ ತೀರ್ಮಾನಿಸಿರಲಿಲ್ಲ. ಟಿಪ್ಪಣಿ ಹೋಗಿ ಒಂದು ಗಂಟೆಯೊಳಗೆ ಮೂರನೇ ಘಟಕದ ಸೂಪರ್‌ವೈಸರ್ ಒಬ್ಬರು ಫೋನ್ ಮಾಡಿ, ‘ಸರ್, ಮಗಳನ್ನ ಇಲ್ಲೇ ಶಾಲೆಗೆ ಸೇರಿಸ್ಬೇಕೋ ಬೇಡ್ವೋ, ಅಷ್ಟು ಹೇಳಿಬಿಡಿ’ ಎಂದರು. ನನ್ನಿಂದ ಉತ್ತರ ಹೊರಡಲಿಲ್ಲ. ‘ಘಟಕಗಳ ದುರಸ್ತಿಗೆ ಹಣ ಮಂಜೂರಾಗಿದೆ, ವಿವರವನ್ನು ಆಯಾ ಘಟಕದ ಮುಖ್ಯಸ್ಥರು ತಿಳಿಸುತ್ತಾರೆ’ ಎಂದಿದ್ದರೂ ಅವರಿಗೆ ಅನ್ಯಾಯವೇ ಆಗುತ್ತಿತ್ತು, ಮೂರನೆಯವರೂ ತಮ್ಮ ಪಾಲಿಗೆ ಕಾದು ಕೂರುತ್ತಿದ್ದರು. ಇಂದು ಬರೆಯುವುದಾದರೆ ಆ ಸಾಲನ್ನು ಇಡಿಯಾಗಿ ಬಿಡುತ್ತೇನೆ. ಮೂರು ಘಟಕದವರಿಗೆ ಅವರವರ ಮುಖ್ಯಸ್ಥರೇ ಹೇಳಲಿ.

ಅಂಥ ಫೋನ್ ಬಂದಾಗ ಕೊಡಬೇಕಾದ ಉತ್ತರವನ್ನೂ ಟಿಪ್ಪಣಿಯ ಜೊತೆಗೇ ಬರೆದು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟಿರಬೇಕು. ‘ಮಂಡಳಿಯ ಸಭೆಯ ಬಗ್ಗೆ ಟಿಪ್ಪಣಿಯಲ್ಲಿ ಇರುವುದಕ್ಕಿಂತ ಹೆಚ್ಚು ನಾವು ಹೇಳುವುದಿಲ್ಲ’ ಎಂಬ ಒಂದೇ ಸಾಲು ಸಾಕು. ಕಷ್ಟ ಇರುವುದು ಅದನ್ನು ಪ್ರತಿ ಸಲವೂ ಹೇಳುವುದರಲ್ಲಿ. ಸಂಗತಿ ಸುಳ್ಳಾಗಿದ್ದಾಗ ‘ಛೆ, ಅಂಥದ್ದೇನೂ ಇಲ್ಲ’ ಎಂದು ಧೈರ್ಯ ಹೇಳಿ, ನಿಜವಾಗಿದ್ದಾಗ ಮಾತ್ರ ಈ ಸಾಲು ಹೇಳಿದರೆ, ಮೂರನೇ ಸಲಕ್ಕೆ ಎಲ್ಲರಿಗೂ ಅರ್ಥವಾಗಿಬಿಡುತ್ತದೆ.

ಆ ಫೋನಿನ ನಂತರ ನಾನೊಂದು ರೂಢಿ ಮಾಡಿಕೊಂಡೆ. ಪ್ರಕಟಿಸುವ ಮೊದಲು, ಷೇರುಪೇಟೆಗೆ ಕಾಗದ ಹೋದ ಮೇಲೆ, ಕರಡನ್ನು ಮುದ್ರಿಸಿ ಲೆಕ್ಕಪತ್ರ ವಿಭಾಗದಲ್ಲಿದ್ದ, ಸಭೆಯ ಸುದ್ದಿ ಏನೂ ಗೊತ್ತಿರದ ಹಿರಿಯರೊಬ್ಬರ ಮುಂದೆ ಇಡುತ್ತಿದ್ದೆ. ‘ಇದರಲ್ಲಿ ನಾನು ಏನು ಬಿಟ್ಟಿದ್ದೇನೆ, ಊಹಿಸಿ’ ಎನ್ನುತ್ತಿದ್ದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದುತ್ತಿದ್ದರು. ಅವರ ಊಹೆ ಸರಿಯೋ ತಪ್ಪೋ ಎಂದು ಎಂದೂ ಹೇಳುತ್ತಿರಲಿಲ್ಲ. ಯಾವ ಪದದ ಮೇಲೆ ಅವರ ಬೆರಳು ನಿಂತಿತೋ ಅಷ್ಟನ್ನು ನೋಡಿಕೊಂಡು, ನನ್ನ ಮೇಜಿಗೆ ವಾಪಸ್ ಬಂದು ಆ ಸಾಲನ್ನು ಮತ್ತೆ ಬರೆಯುತ್ತಿದ್ದೆ.