ಗಿಬ್ಸ್ ಹೆಸರಿನ ಕೊಂಬು

ಚೌಕ ತರಂಗದ ಅಂಚಿನಲ್ಲಿ ಫೂರಿಯೇ ಶ್ರೇಣಿ ಎಬ್ಬಿಸುವ ಕೊಂಬಿಗೆ ಗಿಬ್ಸ್ ಹೆಸರಿಟ್ಟು ಪಠ್ಯಪುಸ್ತಕಗಳು ಕೈತೊಳೆದುಕೊಳ್ಳುತ್ತವೆ. ಆ ಕೀರ್ತಿಗೆ ಇರುವ ಆಧಾರ ‘ನೇಚರ್’ಗೆ ಅವರು ಬರೆದ ಎರಡು ಪುಟ್ಟ ಪತ್ರಗಳು. 1898ರ ಡಿಸೆಂಬರಿನ ಪತ್ರದಲ್ಲಿ ಕೊಂಬಿನ ಸುಳಿವೇ ಇಲ್ಲ. 1899ರ ಏಪ್ರಿಲಿನದು ಅದರ ತಿದ್ದುಪಡಿ. ಅಲ್ಲಿ ಉತ್ತರ ಸರಿಯಿದೆ, ಸಾಧನೆ ಇಲ್ಲ. ಹೆನ್ರಿ ವಿಲ್ಬ್ರಹಾಮ್ 1848ರಲ್ಲೇ ಇದನ್ನು ಲೆಕ್ಕ ಹಾಕಿ ಅಚ್ಚು ಮಾಡಿಸಿದ್ದರು. 1906ರಲ್ಲಿ ವಿಷಯವನ್ನು ಕೂಲಂಕಷವಾಗಿ ಬಿಡಿಸಿದ ಬೋಷರ್ ಅದಕ್ಕೆ ಗಿಬ್ಸ್ ಹೆಸರನ್ನು ಅಂಟಿಸಿದರು, ಅದೇ ನಿಂತಿತು.

ಹೆಸರಿಗಿಂತ ಹೆಚ್ಚು ಕಾಡುವುದು ವಿವರಣೆಯ ಬಡತನ. ‘ಪದಗಳನ್ನು ಎಷ್ಟು ಸೇರಿಸಿದರೂ ಕೊಂಬು ಹೋಗುವುದಿಲ್ಲ’ ಎಂದು ಹೇಳಿ ಚಿತ್ರ ತೋರಿಸಿದರೆ ಮುಗಿಯಿತೇ? ಸೊನ್ನೆಯ ಎಡಕ್ಕೆ −1, ಬಲಕ್ಕೆ +1 ಇರುವ ತರಂಗವನ್ನೇ ನೋಡಿ. ಅದರ ಮೊದಲ n ಪದಗಳ ಮೊತ್ತ ಹೀಗಿದೆ:

S_n(x) = (4/π) [sin x + (sin 3x)/3 + … + sin((2n−1)x)/(2n−1)]

ಇದರ ಮೊದಲ ಶಿಖರ x = π/2n ಎಂಬಲ್ಲಿ. ಒಂದು ಪದಕ್ಕೆ ಎತ್ತರ 1.273, ಎರಡಕ್ಕೆ 1.200, ಮೂರಕ್ಕೆ 1.188. ಇಳಿಯುತ್ತಿದೆ, ಆದರೆ 1ರ ಕಡೆಗಲ್ಲ. ಶಿಖರದ x ಬೆಲೆಯನ್ನು ಮೊತ್ತದಲ್ಲಿ ಹಾಕಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಅದು (sin t)/t ರೇಖೆಯ ಕೆಳಗೆ 0ಯಿಂದ π ವರೆಗೆ ನಿಲ್ಲಿಸಿದ n ಪಟ್ಟಿಗಳ ವಿಸ್ತೀರ್ಣ, 2/πಯಿಂದ ಗುಣಿಸಿದ್ದು. n ಹೆಚ್ಚಿದಂತೆ ಪಟ್ಟಿಗಳು ತೆಳುವಾಗುತ್ತವೆ, ವಿಸ್ತೀರ್ಣ ಮಾತ್ರ 1.852ರಲ್ಲಿ ನೆಲೆಗೊಳ್ಳುತ್ತದೆ. ಎತ್ತರ 1.179. ಅದೇ ರೇಖೆಯಡಿ ಅನಂತದವರೆಗೂ ಹೋಗಿದ್ದರೆ ವಿಸ್ತೀರ್ಣ π/2 ಆಗಿ, ಎತ್ತರ ಸರಿಯಾಗಿ 1 ಬರುತ್ತಿತ್ತು. ಆದರೆ ಶಿಖರದಲ್ಲಿ ನಾವು ಮೊದಲ ಧನ ಉಬ್ಬಿನ ಕೊನೆಗೇ ನಿಂತಿದ್ದೇವೆ. ಮುಂದಿನ ಋಣ ಭಾಗವನ್ನು ಇನ್ನೂ ಕಳೆದಿಲ್ಲ. ಪದಗಳು ಹೆಚ್ಚಿದರೆ ಶಿಖರ ಜಿಗಿತದ ಹತ್ತಿರ ಸರಿಯುತ್ತದೆ, ಆ ಬಾಕಿ ಹಾಗೇ ಉಳಿಯುತ್ತದೆ.

ಕೆಲವರು ಮಿತಿಮೀರಿಕೆ ಶೇಕಡಾ 18 ಎನ್ನುತ್ತಾರೆ, ಕೆಲವರು 9. ಜಗಳವೇ ಬೇಡ: ಎತ್ತರ 1ಕ್ಕೆ ಹೋಲಿಸಿದರೆ 18, ಪೂರ್ತಿ ಜಿಗಿತವಾದ 2ಕ್ಕೆ ಹೋಲಿಸಿದರೆ 9. ಇದನ್ನು ಫೂರಿಯೇ ಶ್ರೇಣಿಯ ಸೋಲು ಎಂದು ಬರೆಯುವವರ ಜೊತೆ ಮಾತ್ರ ನನಗೆ ತಕರಾರಿದೆ. x = 0.01 ಎಂದು ಒಂದು ಬಿಂದುವನ್ನು ಗೊತ್ತುಮಾಡಿ. ಸುಮಾರು 157 ಪದಗಳಾದಾಗ ಕೊಂಬು ಅಲ್ಲಿಗೆ ಬರುತ್ತದೆ, ಆಮೇಲೆ ದಾಟಿ ಸೊನ್ನೆಯತ್ತ ಹೋಗುತ್ತದೆ. ಆ ಬಿಂದುವಿನಲ್ಲಿ ಮೊತ್ತ ತುಯ್ದಾಡುತ್ತಾ 1ಕ್ಕೇ ಬಂದು ನಿಲ್ಲುತ್ತದೆ. ಪ್ರತಿ ಬಿಂದುವಿನಲ್ಲೂ ಶ್ರೇಣಿ ಕೊಟ್ಟ ಮಾತು ಉಳಿಸಿಕೊಂಡಿದೆ. ಎಲ್ಲ ಬಿಂದುಗಳಲ್ಲೂ ಒಟ್ಟಿಗೆ ಹತ್ತಿರವಾಗುತ್ತೇನೆಂದು ಅದು ಹೇಳಿರಲೇ ಇಲ್ಲ. ನಿರಂತರವಾದ ಮೊತ್ತಗಳು ಹಾಗೆ ಒಟ್ಟಿಗೆ ಸೇರಿದ್ದರೆ ಮಿತಿಯಲ್ಲಿ ಜಿಗಿತವೇ ಇರುತ್ತಿರಲಿಲ್ಲ.

ಕೊಂಬು ಬೇಡವೇ ಬೇಡ ಎನ್ನುವವರಿಗೆ ಫೇಯರ್ ತೋರಿಸಿದ ದಾರಿಯಿದೆ: ಆಂಶಿಕ ಮೊತ್ತಗಳ ಸರಾಸರಿ ತೆಗೆಯುವುದು. ಅದು 1ನ್ನು ಎಂದೂ ಮೀರದು. ಅದಕ್ಕೆ ತೆರುವ ಬೆಲೆ, ಅಷ್ಟೇ ಪದಗಳಿಗೆ ಅಂಚು ಇನ್ನಷ್ಟು ಮಂದವಾಗಿ ಏರುವುದು.